ಒಂಟಿ ಡಿಸೈನ್ ಸ್ಟುಡಿಯೋದಿಂದ ಸಣ್ಣ ಏಜೆನ್ಸಿಗೆ: ಗಂಟೆ, ದರ ಮತ್ತು ನೇಮಕದ ಲೆಕ್ಕ

ಕಾಲೇಜು ಪ್ರವೇಶಾತಿಯ ಭರಾಟೆ ಶುರುವಾದರೆ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಡಿಸೈನರ್‌ಗಳಿಂದ ಪ್ರತಿ ವರ್ಷ ಒಂದೇ ಪ್ರಶ್ನೆ ಬರುತ್ತದೆ: ಕೆಲಸ ಕೈಮೀರಿದೆ, ಒಬ್ಬರನ್ನು ಸಂಬಳಕ್ಕೆ ಇಟ್ಟುಕೊಳ್ಳಬಹುದೇ? ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಬ್ಯಾಂಕಿನಲ್ಲಿರುವ ಹಣವನ್ನೂ ಬಾಕಿ ಇರುವ ಕೆಲಸದ ಪಟ್ಟಿಯನ್ನೂ ಮುಂದಿಡುತ್ತಾರೆ. ಆದರೆ ಉತ್ತರ ಇರುವುದು ಅವೆರಡರಲ್ಲಿ ಅಲ್ಲ, ನಿಮ್ಮ ಗಂಟೆಗಳಲ್ಲಿ. ಆದ್ದರಿಂದ ಈ ಲೇಖನದಲ್ಲಿ ಒಂದೇ ಸ್ಟುಡಿಯೋದ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ತೋರಿಸಿದ್ದೇನೆ. ಸ್ಟುಡಿಯೋ ಕಲಬುರಗಿಯ ಸೇಡಂ ರಸ್ತೆಯಲ್ಲಿದೆ ಎಂದಿಟ್ಟುಕೊಳ್ಳಿ. ಮಾಲೀಕರೇ ಡಿಸೈನರ್, ಮಾಲೀಕರೇ ವಸೂಲಿಗಾರರು. ಬೇಳೆ ಮಿಲ್ಲಿನ ಪ್ಯಾಕೆಟ್, ಕಾಲೇಜಿನ ಪ್ರಾಸ್ಪೆಕ್ಟಸ್, ಅಂಗಡಿಯ ಬೋರ್ಡು ಇವು ಅವರ ಮುಖ್ಯ ಕೆಲಸ. ಅಂಕಿಗಳೆಲ್ಲ ಉದಾಹರಣೆಗಾಗಿ ಇಟ್ಟುಕೊಂಡವು; ಆ ಜಾಗದಲ್ಲಿ ನಿಮ್ಮ ಅಂಕಿಗಳನ್ನು ಹಾಕಿ ನೋಡಬೇಕು.

ಕೂರುವ ಮೊದಲು ಮೂರು ವಸ್ತುಗಳು ಕೈಯಲ್ಲಿರಲಿ: ಕಳೆದ ಒಂದು ವರ್ಷದ ಬಿಲ್ಲುಗಳು, ಅದೇ ಅವಧಿಯ ಖರ್ಚಿನ ಪಟ್ಟಿ, ಮತ್ತು ಕನಿಷ್ಠ ಒಂದು ತಿಂಗಳು ದಿನವೂ ಬರೆದಿಟ್ಟ ಗಂಟೆಗಳ ವಹಿ. ಮೊದಲ ಎರಡು ಬಹಳ ಜನರ ಹತ್ತಿರ ಇರುತ್ತವೆ. ಮೂರನೆಯದು ಇಲ್ಲದಿದ್ದರೆ ನೇಮಕದ ಯೋಚನೆಯನ್ನು ಒಂದು ತಿಂಗಳು ಮುಂದೂಡಿ, ಅದನ್ನು ಬರೆಯಲು ತೊಡಗಿ.

1. ಮಾರಬಹುದಾದ ಗಂಟೆಗಳನ್ನು ಎಣಿಸಿ

ಮಾರಬಹುದಾದ ಗಂಟೆ ಎಂದರೆ ಒಬ್ಬ ನಿರ್ದಿಷ್ಟ ಗ್ರಾಹಕರ ನಿರ್ದಿಷ್ಟ ಕೆಲಸಕ್ಕೆ ಹೋದ, ಅವರ ಬಿಲ್ಲಿಗೆ ಸೇರಿಸಬಹುದಾದ ಗಂಟೆ. ಕೊಟೇಶನ್ ಕೊಟ್ಟರೂ ಬಾರದೇ ಹೋದವರ ಜೊತೆ ಆಡಿದ ಮಾತು, ಬಾಕಿ ಹಣಕ್ಕಾಗಿ ಮಾಡಿದ ಫೋನು, ಲೆಕ್ಕಪತ್ರ, ಕಂಪ್ಯೂಟರ್ ರಿಪೇರಿ, ಕರೆಂಟ್ ಹೋದಾಗ ಸುಮ್ಮನೆ ಕುಳಿತದ್ದು ಇವ್ಯಾವುವೂ ಇದರಲ್ಲಿ ಬರುವುದಿಲ್ಲ. ನಮ್ಮ ಉದಾಹರಣೆಯ ಮಾಲೀಕರು ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆ, ಅಂದರೆ ಒಟ್ಟು 200 ಗಂಟೆ ದುಡಿಯುತ್ತಾರೆ. ವಹಿ ತೆಗೆದು ನೋಡಿದರೆ ಅದರಲ್ಲಿ 80 ಗಂಟೆ ಇಂತಹ ಕಚೇರಿ ಕೆಲಸಕ್ಕೇ ಹೋಗಿದ್ದು, ಮಾರಬಹುದಾದದ್ದು 120 ಗಂಟೆ ಮಾತ್ರ.

ವರ್ಷಕ್ಕೆ ಗುಣಿಸಿದರೆ 1,440 ಗಂಟೆ ಆಗುತ್ತದೆ, ಆದರೆ ಅಷ್ಟೂ ಮಾರಾಟವಾಗುತ್ತವೆಂದು ನಂಬಬಾರದು. ಹಬ್ಬ, ಕಾಯಿಲೆ, ಮದುವೆ-ಮುಂಜಿಗಳ ರಜೆ ಇರುತ್ತದೆ. ಆಷಾಢದಂತಹ ಸಪ್ಪೆ ತಿಂಗಳುಗಳೂ ಇರುತ್ತವೆ. ಆರರಲ್ಲಿ ಒಂದು ಪಾಲು ಇದಕ್ಕೆ ಬಿಟ್ಟರೆ ವರ್ಷಕ್ಕೆ ಉಳಿಯುವುದು 1,200 ಗಂಟೆ. ಮುಂದಿನ ಲೆಕ್ಕವೆಲ್ಲ ಈ ಸಂಖ್ಯೆಯ ಮೇಲೆ ನಿಲ್ಲುತ್ತದೆ.

ಇಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ರಾತ್ರಿ ಕುಳಿತು ಮಾಡುವ ಕೆಲಸವನ್ನೂ ಸಾಮರ್ಥ್ಯದಲ್ಲಿ ಸೇರಿಸಿಕೊಳ್ಳುವುದು. ರಾತ್ರಿಯ ಗಂಟೆಗಳನ್ನು ವಹಿಯಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ. ಅವು ನಿಮ್ಮ ಸಾಮರ್ಥ್ಯವನ್ನು ತೋರಿಸುವುದಿಲ್ಲ, ಎಷ್ಟು ಕೊರತೆ ಬಿದ್ದಿದೆ ಎಂಬುದನ್ನು ತೋರಿಸುತ್ತವೆ, ಮತ್ತು ನೇಮಕ ಬೇಕೇ ಬೇಡವೇ ಎಂದು ನಿರ್ಧರಿಸುವಾಗ ಅದೇ ಸಂಖ್ಯೆ ಕೆಲಸಕ್ಕೆ ಬರುತ್ತದೆ.

2. ಒಂದು ಗಂಟೆಯ ವೆಚ್ಚ ಮತ್ತು ದರ

ಮಾಲೀಕರು ತಮ್ಮ ಹೆಸರಿಗೊಂದು ಸಂಬಳ ಬರೆದುಕೊಳ್ಳದೆ ಹಾಕುವ ಲೆಕ್ಕ ಲೆಕ್ಕವೇ ಅಲ್ಲ. ಇಲ್ಲಿ ಅದು ತಿಂಗಳಿಗೆ 40,000 ರೂಪಾಯಿ. ಬಾಡಿಗೆ 8,000, ಸಾಫ್ಟ್‌ವೇರ್, ಇಂಟರ್ನೆಟ್ ಮತ್ತು ವಿದ್ಯುತ್ 6,000, ಕಂಪ್ಯೂಟರ್ ಸವಕಳಿ 3,000, ಓಡಾಟ ಮತ್ತು ಇತರೆ 3,000 ಸೇರಿದರೆ ತಿಂಗಳ ವೆಚ್ಚ 60,000, ವರ್ಷಕ್ಕೆ 7,20,000. ಇದನ್ನು 1,200 ಗಂಟೆಗಳಿಂದ ಭಾಗಿಸಿದರೆ ಒಂದು ಗಂಟೆಯ ವೆಚ್ಚ 600 ರೂಪಾಯಿ. ಬಾರದ ಬಾಕಿ, ಹೊಸ ಯಂತ್ರ, ಮುಂದಿನ ನೇಮಕ ಇವುಗಳಿಗಾಗಿ ಶೇ. 25 ಸೇರಿಸಿದರೆ ದರ 750 ರೂಪಾಯಿ.

ಈಗ ಒಂದು ನಿಜವಾದ ಕೆಲಸವನ್ನು ಈ ದರದ ಮುಂದೆ ಹಿಡಿಯೋಣ. ಕಪನೂರ ಕೈಗಾರಿಕಾ ಪ್ರದೇಶದ ಒಂದು ಮಿಲ್ಲಿಗೆ ಅರ್ಧ ಕಿಲೋ ತೊಗರಿ ಬೇಳೆಯ ಪ್ಯಾಕೆಟ್ ಡಿಸೈನ್ ಬೇಕು. ಮಾಲೀಕರು ಬಾಯಿಮಾತಿನಲ್ಲಿ 6,000 ರೂಪಾಯಿ ಒಪ್ಪಿಕೊಂಡರು. ಮಿಲ್ಲಿಗೆ ಹೋಗಿ ಮಾತಾಡಲು 2 ಗಂಟೆ, ಮೊದಲ ಎರಡು ಮಾದರಿಗಳಿಗೆ 6, ತಿದ್ದುಪಡಿಗಳಿಗೆ 7, ಪ್ರೆಸ್ಸಿಗೆ ಫೈಲ್ ಸಿದ್ಧಪಡಿಸಲು 3, ಒಟ್ಟು 18 ಗಂಟೆ ಹಿಡಿಯಿತು. ಗಂಟೆಗೆ ಸಿಕ್ಕಿದ್ದು 333 ರೂಪಾಯಿ, ವೆಚ್ಚವೇ 600. ಇಂತಹ ಕೆಲಸಗಳಿಂದ ದಿನವಿಡೀ ತುಂಬಿಕೊಂಡ ಸ್ಟುಡಿಯೋ ನೋಡುವವರ ಕಣ್ಣಿಗೆ ಭರ್ಜರಿಯಾಗಿ ನಡೆಯುತ್ತಿರುತ್ತದೆ, ಮತ್ತು ಅಲ್ಲಿ ಒಬ್ಬರನ್ನು ಸೇರಿಸಿಕೊಂಡರೆ ನಷ್ಟದ ಕೆಲಸ ಹಿಂದಿಗಿಂತ ವೇಗವಾಗಿ ನಡೆಯುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಆದ್ದರಿಂದ ನೇಮಕಕ್ಕಿಂತ ಮೊದಲು ದರ ಸರಿಯಾಗಬೇಕು.

18 ಗಂಟೆಗೆ 750ರಂತೆ 13,500 ಕೇಳಿದರೆ ಮಿಲ್ಲಿನವರು ಒಪ್ಪಲಿಕ್ಕಿಲ್ಲ. ಆಗ ದರವನ್ನು ಇಳಿಸಬೇಡಿ, ಕೆಲಸದ ಗಾತ್ರವನ್ನು ಇಳಿಸಿ. ಎರಡರ ಬದಲು ಒಂದೇ ಮಾದರಿ, ಎರಡು ಸುತ್ತು ತಿದ್ದುಪಡಿ, ಹಿಂಬದಿಯ ಮ್ಯಾಟರ್ ಪೂರ್ತಿ ಟೈಪಾಗಿ ಗ್ರಾಹಕರಿಂದಲೇ ಬರಬೇಕು ಎಂಬ ಷರತ್ತು ಇವಿಷ್ಟು ಹಾಕಿದರೆ ಕೆಲಸ 12 ಗಂಟೆಗೆ ಇಳಿಯುತ್ತದೆ, ಬೆಲೆ 9,000 ಆಗುತ್ತದೆ. ಮೂರನೆಯ ಸುತ್ತು ಬೇಕಾದರೆ ಪ್ರತಿ ಸುತ್ತಿಗೆ 1,500 ಹೆಚ್ಚುವರಿ ಎಂದು ಕೊಟೇಶನ್ನಿನಲ್ಲೇ ಬರೆಯಿರಿ. ಈ ಒಂದು ಸಾಲು ಇದ್ದರೆ ಸಾಕು, ಹತ್ತು ಸಲ ಬಿಡಿ ಬಿಡಿಯಾಗಿ ಬರುತ್ತಿದ್ದ ಕರೆಕ್ಷನ್‌ಗಳು ಹೆಚ್ಚಿನ ಮಟ್ಟಿಗೆ ಎರಡು ಸಲಕ್ಕೆ ಒಟ್ಟಾಗಿ ಬರತೊಡಗುತ್ತವೆ.

ಗಂಟೆಯ ದರವನ್ನು ಗ್ರಾಹಕರಿಗೆ ಹೇಳಬೇಕಾಗಿಲ್ಲ. ನಮ್ಮ ಕಡೆ ಗಂಟೆಯ ಲೆಕ್ಕದಲ್ಲಿ ವ್ಯವಹಾರ ಮಾಡುವವರು ಕಡಿಮೆ, ಹೇಳಿದರೆ ಚೌಕಾಶಿ ಅಲ್ಲಿಂದಲೇ ಶುರುವಾಗುತ್ತದೆ. ಅದು ನಿಮ್ಮ ಒಳಲೆಕ್ಕವಾಗಿಯೇ ಇರಲಿ, ಹೊರಗೆ ಕೊಡುವುದು ಇಡೀ ಕೆಲಸದ ಬೆಲೆ. ಹಳೆಯ ಗ್ರಾಹಕರಿಗೆ ಹೊಸ ದರವನ್ನು ಒಮ್ಮೆಲೇ ಹೇರುವುದೂ ಬೇಡ: ಹೊಸಬರಿಗೆ ಇಂದಿನಿಂದ, ಹಳಬರಿಗೆ ಮುಂದಿನ ಏಪ್ರಿಲ್ 1ರಿಂದ ಎಂದು ಎರಡು ತಿಂಗಳು ಮುಂಚೆ ತಿಳಿಸಿ. ಇದರಿಂದ ಕೆಲವರು ಬಿಟ್ಟು ಹೋಗುತ್ತಾರೆ. ಹೋದವರ ಹಿಂದಿನ ಕೆಲಸಗಳನ್ನು ವಹಿಯಲ್ಲಿ ತೆಗೆದು ನೋಡಿ. ಗಂಟೆಗೆ 600ಕ್ಕಿಂತ ಕಡಿಮೆ ಕೊಟ್ಟವರೇ ಹೋಗಿದ್ದರೆ ನಿಮ್ಮ ಕೊರತೆಯ ಒಂದು ಭಾಗ ನೇಮಕವಿಲ್ಲದೆಯೇ ತೀರಿತು.

3. ಪ್ರೂಫ್ ಒಪ್ಪಿಗೆಯನ್ನು ಬರಹಕ್ಕೆ ತನ್ನಿ

ಪ್ರೂಫ್ ಎಂದರೆ ಅಚ್ಚಿಗೆ ಹೋಗುವ ಮುನ್ನ ಗ್ರಾಹಕರು ನೋಡಿ ಒಪ್ಪಬೇಕಾದ ಕೊನೆಯ ಪ್ರತಿ. ಒಬ್ಬರೇ ಇರುವಾಗ "ಓಕೆ ಸರ್, ಹೊಡೀರಿ" ಎಂಬ ಫೋನಿನ ಮಾತಿನ ಮೇಲೆ ಕೆಲಸ ಸಾಗುತ್ತದೆ, ಏಕೆಂದರೆ ಯಾವ ಪ್ರತಿ ಎಲ್ಲಿದೆ ಎಂಬುದು ನಿಮ್ಮ ತಲೆಯಲ್ಲಿರುತ್ತದೆ. ಇಬ್ಬರಾದ ದಿನದಿಂದ ಹಾಗೆ ಸಾಗುವುದಿಲ್ಲ.

ಬೇಳೆ ಪ್ಯಾಕೆಟ್ಟಿನ ಉದಾಹರಣೆಯಲ್ಲಿ ಇದರ ಬೆಲೆ ಎಷ್ಟೆಂದು ನೋಡಿ. ಹೆಚ್ಚಿನ ಪ್ರಮಾಣದ ಪ್ಲಾಸ್ಟಿಕ್ ಪ್ಯಾಕೆಟ್‌ಗಳನ್ನು ಸಿಲಿಂಡರ್‌ನಿಂದ ಮುದ್ರಿಸುತ್ತಾರೆ. ಪ್ರತಿ ಬಣ್ಣಕ್ಕೆ ಒಂದೊಂದು ಲೋಹದ ಸಿಲಿಂಡರ್ ಕೆತ್ತಿಸಬೇಕು. ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ 14 ಅಂಕಿಗಳದ್ದು. ಅದರಲ್ಲಿ ಒಂದು ಅಂಕಿ ಬಿಟ್ಟುಹೋಗಿ ಸಿಲಿಂಡರ್ ಕೆತ್ತಿದ ಮೇಲೆ ಗೊತ್ತಾದರೆ, ಆ ಬಣ್ಣದ ಸಿಲಿಂಡರನ್ನು ಮತ್ತೆ ಮಾಡಿಸಬೇಕಾಗುತ್ತದೆ. ನೀವು ಪಡೆದ 9,000 ರೂಪಾಯಿ ಅಲ್ಲಿಗೇ ಕರಗಿಹೋಗಬಹುದು. ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಸಿಕ್ಕ ಮೇಲೆ ಅದರ ಗುರುತನ್ನೂ ಹಾಕಿ ಎಂದು ಕೇಳುವ ಮಿಲ್ಲಿನವರಿದ್ದಾರೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರು ಮಾತ್ರ ಅದನ್ನು ಬಳಸಬಹುದಾದ್ದರಿಂದ ನೋಂದಣಿಯ ಪ್ರತಿ ಕೈಗೆ ಬಾರದೆ ಆ ಗುರುತನ್ನು ಫೈಲಿಗೆ ಹಾಕಬೇಡಿ.

ಕ್ರಮ ಸರಳವಾಗಿರಲಿ. ಪ್ರತಿ ಫೈಲಿನ ಹೆಸರಿನಲ್ಲಿ ಕೆಲಸ, ಭಾಗ ಮತ್ತು ಆವೃತ್ತಿ ಇರಲಿ, ಉದಾಹರಣೆಗೆ `toor500_back_v3.cdr`. ಪ್ರೂಫ್ ಕಳುಹಿಸುವಾಗ ಅದೇ ಹೆಸರಿನ ಪಿಡಿಎಫ್ ಕಳುಹಿಸಿ, "v3 ಪ್ರತಿಯ ತೂಕ, ಎಂಆರ್‌ಪಿ, ಪರವಾನಗಿ ಸಂಖ್ಯೆ, ವಿಳಾಸ, ಕನ್ನಡ ಕಾಗುಣಿತ ಪರಿಶೀಲಿಸಿದ್ದೇನೆ, ಮುದ್ರಣಕ್ಕೆ ಒಪ್ಪಿಗೆ ಇದೆ" ಎಂದು ಗ್ರಾಹಕರೇ ವಾಟ್ಸ್‌ಆ್ಯಪ್‌ನಲ್ಲೋ ಇಮೇಲಿನಲ್ಲೋ ಬರೆದು ಕಳುಹಿಸುವಂತೆ ಕೇಳಿಕೊಳ್ಳಿ. ಹೆಬ್ಬೆರಳಿನ ಚಿತ್ರವನ್ನು ಒಪ್ಪಿಗೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ನಾಳೆ ಸೇರುವ ಹೊಸಬರು ಈ ಕ್ರಮವನ್ನು ಮೊದಲ ದಿನದಿಂದಲೇ ಕಲಿಯಬೇಕಾದರೆ ಇಂದು ನೀವು ಅದನ್ನು ನಡೆಸುತ್ತಿರಬೇಕು.

4. ಮೊದಲ ನೇಮಕದ ನಿಜವಾದ ಲೆಕ್ಕ

ಸಂಬಳ 18,000 ಎಂದುಕೊಳ್ಳೋಣ. ವೆಚ್ಚ ಅಷ್ಟಕ್ಕೇ ನಿಲ್ಲುವುದಿಲ್ಲ. 60,000 ರೂಪಾಯಿಯ ಕಂಪ್ಯೂಟರನ್ನು ಮೂರು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 1,700, ಇನ್ನೊಂದು ಸಾಫ್ಟ್‌ವೇರ್ ಪರವಾನಗಿಗೆ 3,000, ದೀಪಾವಳಿ ಬೋನಸ್ಸಿನ ತಿಂಗಳ ಪಾಲು 1,500, ಮೇಜು, ವಿದ್ಯುತ್, ಚಹಾ ಇತ್ಯಾದಿಗೆ 1,800 ಸೇರಿ ಒಟ್ಟು 26,000 ಆಗುತ್ತದೆ. ಸ್ಟುಡಿಯೋದ ತಿಂಗಳ ವೆಚ್ಚ 60,000ದಿಂದ 86,000ಕ್ಕೆ ಏರಿತು.

ಇದಕ್ಕೆ ಪ್ರತಿಯಾಗಿ ಸಿಗುವ ಗಂಟೆಗಳೆಷ್ಟು? ಇಬ್ಬರಾದರೆ ಸಾಮರ್ಥ್ಯ ಇಮ್ಮಡಿ ಎಂದು ಬಹಳಷ್ಟು ಜನ ಲೆಕ್ಕ ಹಾಕುವುದೇ ಇಲ್ಲಿ ಎಡವುತ್ತದೆ. ಚೆನ್ನಾಗಿ ಪಳಗಿದ ಮೇಲೆ ಹೊಸಬರಿಂದ ತಿಂಗಳಿಗೆ 130 ಮಾರಬಹುದಾದ ಗಂಟೆಗಳು ಬರುತ್ತವೆ ಎನ್ನೋಣ. ಆದರೆ ಅವರಿಗೆ ಕೆಲಸ ವಿವರಿಸಿ, ಮಾಡಿದ್ದನ್ನು ನೋಡಿ, ತಿದ್ದಿಸಲು ನಿಮ್ಮ 30 ಗಂಟೆ ಹೋಗುತ್ತದೆ. ಅವರ ಕೈಗೆ ಬೇಕಾಗುವಷ್ಟು ಹೆಚ್ಚಿನ ಕೆಲಸವನ್ನು ಹುಡುಕಿ ತರಲು ಇನ್ನೂ 20 ಗಂಟೆ. ಹೀಗೆ ನಿಮ್ಮ 120 ಗಂಟೆ 70ಕ್ಕೆ ಇಳಿದು ಒಟ್ಟು ಸಾಮರ್ಥ್ಯ 200 ಗಂಟೆ ಆಗುತ್ತದೆ. ಅದೂ ಪಳಗಿದ ಮೇಲಿನ ಮಾತು. ಮೊದಲ ಮೂರು ತಿಂಗಳು ಹೊಸಬರು 60 ಗಂಟೆ ಕೊಟ್ಟು ನಿಮ್ಮಿಂದ 60 ಗಂಟೆ ಪಡೆದರೆ ಒಟ್ಟು ಸಾಮರ್ಥ್ಯ ಹಿಂದಿನಂತೆ 120 ಗಂಟೆಯೇ. ಹೆಚ್ಚಾಗಿರುವುದು 26,000 ರೂಪಾಯಿಯ ಖರ್ಚು ಮಾತ್ರ. ಕೆಲಸ ನೆತ್ತಿಯ ಮೇಲೆ ಬಂದು ಕೂತಿರುವ ಮೇ ತಿಂಗಳಲ್ಲಿ ಗಾಬರಿಯಿಂದ ನೇಮಕ ಮಾಡಿಕೊಂಡವರಿಗೆ ಅದೇ ಮೇ ತಿಂಗಳಲ್ಲಿ ಏನೂ ಸಹಾಯ ಸಿಗದಿರುವುದಕ್ಕೆ ಕಾರಣ ಇದೇ. ಪ್ರವೇಶಾತಿಗೆ ಜನ ಬೇಕಿದ್ದರೆ ಡಿಸೆಂಬರ್ ಅಥವಾ ಜನವರಿಯಲ್ಲೇ ಸೇರಿಸಿಕೊಳ್ಳಬೇಕು.

ಈಗ ವರ್ಷದ ಲೆಕ್ಕ. ವೆಚ್ಚ 10,32,000. ಮಾರಬಹುದಾದ 2,400 ಗಂಟೆಗಳಲ್ಲಿ ಮೊದಲಿನಂತೆಯೇ ಆರರಲ್ಲಿ ಒಂದು ಪಾಲು ಬಿಟ್ಟರೆ 2,000 ಗಂಟೆ. ಗಂಟೆಯ ವೆಚ್ಚ 516ಕ್ಕೆ ಇಳಿಯಿತು, ಹಾಗಾಗಿ ದರವನ್ನೂ ಇಳಿಸಿ ಪಕ್ಕದವರ ಗ್ರಾಹಕರನ್ನು ಸೆಳೆಯೋಣ ಎನ್ನಿಸುತ್ತದೆ. ಹಾಗೆ ಮಾಡಬೇಡಿ. 750ರ ದರದಲ್ಲಿಯೇ ಉಳಿದರೆ ವೆಚ್ಚ ಸರಿದೂಗಲು 1,376 ಗಂಟೆ ಮಾರಾಟವಾಗಬೇಕು, ಅಂದರೆ 2,000ದಲ್ಲಿ ಸುಮಾರು ಶೇ. 69. ದರವನ್ನು 600ಕ್ಕೆ ಇಳಿಸಿದರೆ 1,720 ಗಂಟೆ ಬೇಕು, ಅದು ಶೇ. 86. ಒಂದೆರಡು ತಿಂಗಳು ಕೆಲಸ ತಗ್ಗಿದರೂ ತಾಳಿಕೊಳ್ಳುವ ಶಕ್ತಿ ಮೊದಲನೆಯದರಲ್ಲಿದೆ, ಎರಡನೆಯದರಲ್ಲಿಲ್ಲ.

ಆದ್ದರಿಂದ ನೇಮಕಕ್ಕೆ ಎರಡು ಷರತ್ತುಗಳನ್ನು ಹಾಕಿಕೊಳ್ಳಿ. ಒಂದನೆಯದು ಕೈಯಲ್ಲಿರಬೇಕಾದ ಹಣ: ಹೊಸಬರ ಮೂರು ತಿಂಗಳ ವೆಚ್ಚ 78,000, ಜೊತೆಗೆ ಇಡೀ ಸ್ಟುಡಿಯೋದ ಎರಡು ತಿಂಗಳ ವೆಚ್ಚ 1,72,000, ಒಟ್ಟು 2,50,000 ರೂಪಾಯಿ. ಇದು ಬರಬೇಕಾದ ಬಾಕಿಯಲ್ಲ, ಬಂದು ಖಾತೆಯಲ್ಲಿರುವ ಹಣ. ಎರಡನೆಯದು ಕೊರತೆಯ ಗಂಟೆಗಳು: ಭರಾಟೆ ಇಲ್ಲದ ಮೂರು ತಿಂಗಳು ಸತತವಾಗಿ, ತಿಂಗಳಿಗೆ 50 ಗಂಟೆಗಿಂತ ಹೆಚ್ಚು ಕೆಲಸ ರಾತ್ರಿಗೆ ಬಿದ್ದಿರಬೇಕು ಅಥವಾ ಕೈಬಿಟ್ಟಿರಬೇಕು, ಮತ್ತು ಆ ಕೆಲಸ ಹೊಸ ದರದ್ದಾಗಿರಬೇಕು. ಕೊರತೆ ಏಪ್ರಿಲ್‌ನಿಂದ ಜೂನ್‌ವರೆಗೆ ಮಾತ್ರ ಕಾಣುವುದಾದರೆ ಸಂಬಳದ ನೇಮಕ ಬೇಡ. ಗಂಟೆಗೆ 350ರಂತೆ ಹೊರಗಿನ ಡಿಸೈನರ್ ಒಬ್ಬರಿಗೆ ಹಂಚಿಕೊಡುವುದು ಅಗ್ಗ. ಹೊರಗಿನವರ ಗಂಟೆ ನೋಡಲು ದುಬಾರಿ, ಆದರೆ ಸಪ್ಪೆ ತಿಂಗಳಲ್ಲಿ ಅವರಿಗೆ ಏನೂ ಕೊಡಬೇಕಾಗಿಲ್ಲ.

5. ಯಾರನ್ನು ಸೇರಿಸಿಕೊಳ್ಳಬೇಕು, ಹೇಗೆ ಪರೀಕ್ಷಿಸಬೇಕು

ನಿಮ್ಮಷ್ಟೇ ಕಲ್ಪನೆ ಇರುವ ಇನ್ನೊಬ್ಬ ಡಿಸೈನರ್ ಬೇಕು ಎಂದು ಹುಡುಕುವುದು ಸಹಜ. ಆದರೆ ವಹಿಯನ್ನು ನೋಡಿದರೆ ನಿಮ್ಮ ಗಂಟೆಗಳನ್ನು ತಿನ್ನುತ್ತಿರುವುದು ಹೊಸ ಕಲ್ಪನೆಯಲ್ಲ. ಕರೆಕ್ಷನ್, ಅಳತೆ ಬದಲಿಸುವುದು, ಒಂದೇ ಜಾಹೀರಾತನ್ನು ಫ್ಲೆಕ್ಸಿಗೂ ಪತ್ರಿಕೆಗೂ ವಾಟ್ಸ್‌ಆ್ಯಪ್‌ಗೂ ಹೊಂದಿಸುವುದು, ಪ್ರೆಸ್ಸಿನ ಫೈಲ್ ಮಾಡುವುದು. ಹಾಗಾಗಿ ಮೊದಲ ನೇಮಕ ಇವನ್ನು ಅಚ್ಚುಕಟ್ಟಾಗಿ ಮಾಡುವವರದ್ದಾಗಲಿ. ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡಿ ಪಳಗಿದವರು ಇದಕ್ಕೆ ಕಾಲೇಜಿನಿಂದ ನೇರವಾಗಿ ಬಂದವರಿಗಿಂತ ಹೆಚ್ಚು ಒದಗುತ್ತಾರೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ಭಾಗದಲ್ಲಿ ಭಾಷೆಯದ್ದೇ ಒಂದು ದೊಡ್ಡ ಕೆಲಸ. ಒಂದೇ ಬೋರ್ಡಿನಲ್ಲಿ ಕನ್ನಡ, ಉರ್ದು, ಇಂಗ್ಲಿಷ್ ಬರುತ್ತವೆ. ಬೀದರಿನ ಕಡೆ ಮರಾಠಿ, ಯಾದಗಿರಿಯ ಕಡೆ ತೆಲುಗು ಸೇರಿಕೊಳ್ಳುವುದುಂಟು. ಗ್ರಾಹಕರು ಕೊಡುವ ಮ್ಯಾಟರ್ ನುಡಿಯ ಹಳೆಯ ಅಕ್ಷರಶೈಲಿಯಲ್ಲಿರುತ್ತದೆ, ಉರ್ದು ಇನ್‌ಪೇಜ್‌ನಲ್ಲಿರುತ್ತದೆ, ನಿಮಗೆ ಬೇಕಾದದ್ದು ಯೂನಿಕೋಡ್, ಅಂದರೆ ಯಾವ ಯಂತ್ರದಲ್ಲಿ ತೆರೆದರೂ ಅದೇ ಅಕ್ಷರವಾಗಿ ಕಾಣುವ ಸಂಕೇತ. ಪರಿವರ್ತಿಸುವಾಗ ಒತ್ತಕ್ಷರ ಕಳಚುತ್ತದೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಎಡದಿಂದ ಬಲಕ್ಕೆ ಮಾತ್ರ ಜೋಡಿಸಬಲ್ಲ ತಂತ್ರಾಂಶಕ್ಕೆ ತಂದ ಉರ್ದು ಸಾಲು ತಿರುಗುಮುರುಗಾಗುತ್ತದೆ. ಇದನ್ನು ಕಣ್ಣಿನಲ್ಲೇ ಹಿಡಿಯಬಲ್ಲವರು ನಿಮ್ಮ ಪರಿಶೀಲನೆಯ 30 ಗಂಟೆಯನ್ನು ಇಳಿಸುತ್ತಾರೆ.

ಸಂದರ್ಶನದ ಮಾತು ಚಿಕ್ಕದಿರಲಿ, ಮೂರು ಗಂಟೆಯ ಪರೀಕ್ಷಾ ಕೆಲಸ ಕೊಡಿ, ಅದಕ್ಕೆ ಹಣವನ್ನೂ ಕೊಡಿ. 750 ರೂಪಾಯಿ ಸಾಕು. ನಿಜವಾದ ಗ್ರಾಹಕರ ಕೆಲಸವನ್ನು ಪುಕ್ಕಟೆ ಮಾಡಿಸಿಕೊಳ್ಳುವುದು ಸರಿಯಲ್ಲ, ಆ ಮಾತು ಊರಲ್ಲಿ ಬಹಳ ಬೇಗ ಹರಡುತ್ತದೆ. ಪರೀಕ್ಷೆಗೆ ಮುಗಿದುಹೋದ ಹಳೆಯ ಬೇಳೆ ಪ್ಯಾಕೆಟ್ಟಿನ ಹಿಂಬದಿಯನ್ನೇ ಆರಿಸಿಕೊಳ್ಳಿ. ಮ್ಯಾಟರಿನಲ್ಲಿ ಬೇಕೆಂದೇ ಎರಡು ಕಾಗುಣಿತ ತಪ್ಪು ಮತ್ತು 13 ಅಂಕಿಯ ಪರವಾನಗಿ ಸಂಖ್ಯೆ ಇಡಿ. ಕೆಲಸ ಬಂದ ಮೇಲೆ ಅಂದಚಂದಕ್ಕಿಂತ ಮೊದಲು ಇವನ್ನು ನೋಡಿ: ಕತ್ತರಿಸುವ ಗೆರೆಯಾಚೆ 3 ಮಿ.ಮೀ. ಬಣ್ಣ ಚಾಚಿದೆಯೇ, ಸಣ್ಣ ಅಕ್ಷರಗಳು ನಾಲ್ಕು ಬಣ್ಣಗಳ ಮಿಶ್ರಣದ ಬದಲು ಬರೀ ಕಪ್ಪಿನಲ್ಲಿವೆಯೇ, ಪ್ರೆಸ್ಸಿಗೆ ಕೊಡುವ ಪ್ರತಿಯಲ್ಲಿ ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಫಾಂಟ್ ಇಲ್ಲದಿದ್ದರೂ ಕೆಡದ ಗೆರೆಚಿತ್ರಗಳಿಗೆ ಬದಲಿಸಿ, ತಿದ್ದಲು ಬೇರೆ ಪ್ರತಿ ಉಳಿಸಿದ್ದಾರೆಯೇ. ತಪ್ಪುಗಳನ್ನು ತಾವೇ ತಿದ್ದಿದವರಿಗಿಂತ, ಇದು ಹೀಗಿದೆ, ಸರಿಯೇ ಎಂದು ಕೇಳಿದವರಿಗೆ ಹೆಚ್ಚು ಅಂಕ ಕೊಡಿ. ಪರವಾನಗಿ ಸಂಖ್ಯೆಯಲ್ಲಿ ಕಾಣೆಯಾದ ಅಂಕಿಯನ್ನು ಊಹಿಸಿ ತುಂಬುವವರಿಂದ ಆಗುವ ಹಾನಿ ಸಣ್ಣದಲ್ಲ.

6. ಕಾಗದಪತ್ರ

ನೇಮಕಾತಿ ಪತ್ರದಲ್ಲಿ ಸಂಬಳ, ಕೆಲಸದ ವೇಳೆ, ರಜೆ, ಮೂರು ತಿಂಗಳ ಪರೀಕ್ಷಾವಧಿ, ಬಿಡುವ ಮುನ್ನ ಕೊಡಬೇಕಾದ ಒಂದು ತಿಂಗಳ ಸೂಚನೆ ಇರಲಿ. ಪಿಎಫ್ 20 ಜನರ, ಇಎಸ್‌ಐ 10 ಜನರ ಮೇಲಿನ ವಿಷಯವಾದ್ದರಿಂದ ನಾಲ್ಕೈದು ಜನರ ತಂಡಕ್ಕೆ ಸಾಮಾನ್ಯವಾಗಿ ಕಡ್ಡಾಯವಾಗುವುದಿಲ್ಲ.

ಹಕ್ಕುಸ್ವಾಮ್ಯದ ಭೇದವೊಂದನ್ನು ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಬಳದ ನೌಕರರು ಕೆಲಸದ ಭಾಗವಾಗಿ ಮಾಡಿದ ಡಿಸೈನಿನ ಮೊದಲ ಒಡೆತನ, ಬೇರೆ ಒಪ್ಪಂದ ಇಲ್ಲದಿದ್ದರೆ, ಉದ್ಯೋಗದಾತರದ್ದು. ಹೊರಗಿನ ಡಿಸೈನರ್ ಮಾಡಿಕೊಟ್ಟದ್ದು ಹಾಗೆ ತಾನಾಗಿಯೇ ನಿಮ್ಮದಾಗುವುದಿಲ್ಲ, ಲಿಖಿತ ವರ್ಗಾವಣೆ ಬೇಕು. ಹಂಗಾಮಿಗೆ ಹೊರಗಿನವರಿಂದ ಲೋಗೊ ಮಾಡಿಸಿ ಗ್ರಾಹಕರಿಗೆ ಮಾರಿದ ಮೇಲೆ ಈ ಪ್ರಶ್ನೆ ಏಳುತ್ತದೆ, ಆದ್ದರಿಂದ ಹಣ ಕೊಡುವಾಗಲೇ ಒಂದು ಪುಟದ ಪತ್ರಕ್ಕೆ ಸಹಿ ಪಡೆಯಿರಿ.

ಹೆಚ್ಚು ಎಚ್ಚರ ಬೇಕಾದದ್ದು ಜಿಎಸ್‌ಟಿ ವಿಷಯದಲ್ಲಿ. ಸೇವೆ ಒದಗಿಸುವವರಿಗೆ ಕರ್ನಾಟಕದಲ್ಲಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿಯ ವಹಿವಾಟು. ವಹಿವಾಟು ಎಂದರೆ ಲಾಭವಲ್ಲ, ನೀವು ಮಾಡಿದ ಒಟ್ಟು ಬಿಲ್ಲು. ಸೊಲ್ಲಾಪುರದ, ಹೈದರಾಬಾದಿನ ಗ್ರಾಹಕರಿಗೆ ಮಾಡಿದ ಬಿಲ್ಲೂ ಅದರೊಳಗೇ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಇಬ್ಬರ ಗಂಟೆಗಳೆಲ್ಲ ಮಾರಾಟವಾದರೂ 15 ಲಕ್ಷ, ಅಂದರೆ ಮಿತಿಯೊಳಗೆ. ಆದರೆ ಮುದ್ರಣವನ್ನೂ ನೀವೇ ಮಾಡಿಸಿ ಡಿಸೈನ್ ಜೊತೆ ಒಂದೇ ಬಿಲ್ಲು ಕೊಡುತ್ತಿದ್ದರೆ, ನಿಮ್ಮ ಕೈ ಸೇರಿ ಪ್ರೆಸ್ಸಿಗೆ ಹೋದ ಹಣವೂ ನಿಮ್ಮ ವಹಿವಾಟೇ ಆಗುತ್ತದೆ. 6 ಲಕ್ಷದ ಪ್ರಾಸ್ಪೆಕ್ಟಸ್ ಮುದ್ರಣ ಒಂದೇ ನಿಮ್ಮನ್ನು ಮಿತಿಯಾಚೆ ದಾಟಿಸಬಹುದು. ಪ್ರೆಸ್ಸಿನವರು ಗ್ರಾಹಕರಿಗೇ ನೇರವಾಗಿ ಬಿಲ್ಲು ಮಾಡಲಿ, ಮುದ್ರಣದ ಮೇಲ್ವಿಚಾರಣೆಗೆ ನೀವು ಪ್ರತ್ಯೇಕ ಶುಲ್ಕ ಹಾಕಿ.

ಮೂರನೆಯವರು ಸೇರುವಾಗ ಮಿತಿ ಹೇಗೂ ದಾಟುತ್ತದೆ. ಆಗ ಶೇ. 18ನ್ನು ಯಾರು ಹೊರುತ್ತಾರೆ ಎಂಬುದು ಗ್ರಾಹಕರ ಮೇಲೆ ನಿಂತಿದೆ. ನೋಂದಣಿ ಇದ್ದು ತೆರಿಗೆ ಕಟ್ಟುವ ವ್ಯಾಪಾರಿಗಳು ಅದನ್ನು ತಮ್ಮ ತೆರಿಗೆಯಲ್ಲಿ ಮುರಿದುಕೊಳ್ಳುತ್ತಾರೆ, ಅವರಿಗೆ ಹೊರೆಯಿಲ್ಲ. ಕಾಲೇಜುಗಳ ಶಿಕ್ಷಣ ಸೇವೆಗೆ ತೆರಿಗೆ ವಿನಾಯಿತಿ ಇರುವುದರಿಂದ ಅವರು ಹಾಗೆ ಮುರಿದುಕೊಳ್ಳಲಾರರು; ನಿಮ್ಮ 50,000ದ ಬಿಲ್ಲು ಅವರಿಗೆ 59,000 ಆಗುತ್ತದೆ. ನಿಮ್ಮ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲೇಜು ಮತ್ತು ಚಿಕ್ಕ ಅಂಗಡಿಗಳದ್ದಾದರೆ ಆ ನೇಮಕಕ್ಕೆ ಮೊದಲು ಈ ಏರಿಕೆಯ ಬಗ್ಗೆ ಅವರೊಡನೆ ಮಾತಾಡಿಕೊಳ್ಳಿ.

ಉದ್ಯಮ್ ನೋಂದಣಿ ಉಚಿತ, ಮಾಡಿಸಿಕೊಳ್ಳಿ. ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಖರೀದಿದಾರರು ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಪಾವತಿಸಬೇಕೆಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. ಊರಿನ ಗ್ರಾಹಕರ ಮೇಲೆ ದೂರು ಕೊಡಲು ಯಾರಿಗೂ ಮನಸ್ಸಾಗುವುದಿಲ್ಲ, ಆದರೆ ಬಿಲ್ಲಿನ ಕೆಳಗೆ ನೋಂದಣಿ ಸಂಖ್ಯೆ ಮತ್ತು ಅವಧಿಯನ್ನು ಮುದ್ರಿಸಿದರೆ ಅವರ ಲೆಕ್ಕಪರಿಶೋಧಕರು ಗಮನಿಸುತ್ತಾರೆ. ಇದಕ್ಕಿಂತ ಹೆಚ್ಚು ಒದಗುವುದು ಅರ್ಧ ಹಣ ಮುಂಗಡ, ಉಳಿದರ್ಧ ಮುದ್ರಣದ ಫೈಲ್ ಕೊಡುವ ಮುನ್ನ ಎಂಬ ನಿಯಮ.

7. ಮಿತಿಯನ್ನು ಗೋಡೆಯ ಮೇಲೆ ಬರೆಯಿರಿ

ಇಬ್ಬರ ಸಾಮರ್ಥ್ಯ ತಿಂಗಳಿಗೆ 200 ಗಂಟೆ ಎಂದರೆ ವಾರಕ್ಕೆ 50. ಇದರಲ್ಲಿ 40 ಗಂಟೆಗೆ ಮಾತ್ರ ಕೆಲಸ ಒಪ್ಪಿಕೊಳ್ಳಿ, 10 ಗಂಟೆ ಹೆಚ್ಚುವರಿ ತಿದ್ದುಪಡಿಗೂ ಅವಸರದ ಕೆಲಸಕ್ಕೂ ಖಾಲಿ ಇರಲಿ. ಗೋಡೆಯ ಬಿಳಿ ಹಲಗೆಯ ಮೇಲೆ ಮುಂದಿನ ಆರು ವಾರಗಳ ಮನೆಗಳನ್ನು ಎಳೆದು, ಮುಂಗಡ ಬಂದ ಕೆಲಸದ ಗಂಟೆಗಳನ್ನು ಮಾತ್ರ ತುಂಬುತ್ತಾ ಹೋಗಿ.

ಇದರ ಉಪಯೋಗ ದೊಡ್ಡ ಕೆಲಸ ಬಂದಾಗ ಗೊತ್ತಾಗುತ್ತದೆ. 60 ಪುಟಗಳ ಪ್ರಾಸ್ಪೆಕ್ಟಸ್, 90 ಗಂಟೆಯ ಕೆಲಸ, ಬೆಲೆ 67,500, ಮೂರು ವಾರಗಳಲ್ಲಿ ಬೇಕು ಎಂದು ಕಾಲೇಜೊಂದು ಕೇಳುತ್ತದೆ. ಮೂರು ವಾರಗಳ 120 ಗಂಟೆಗಳಲ್ಲಿ 75 ಆಗಲೇ ತುಂಬಿವೆ, ಉಳಿದದ್ದು 45. ಮುಂದಿನ ವಾರಗಳು ಖಾಲಿ ಇದ್ದರೆ ಐದು ವಾರ ಬೇಕು ಎಂದು ಹೇಳಬಹುದು. ಅಥವಾ 45 ಗಂಟೆಯ ಪುಟ ಜೋಡಣೆಯನ್ನು ಹೊರಗಿನವರಿಗೆ 15,750ಕ್ಕೆ ಕೊಟ್ಟು, ಅದನ್ನು ಪರಿಶೀಲಿಸುವ ಹತ್ತು ಗಂಟೆಯನ್ನು ಖಾಲಿ ಇಟ್ಟ ಮನೆಗಳಿಂದ ತೆಗೆದು, ಅವಸರದ ಶುಲ್ಕ ಶೇ. 25 ಸೇರಿಸಿ ಒಪ್ಪಿಕೊಳ್ಳಬಹುದು. ಎರಡೂ ಸರಿಯಾದ ಉತ್ತರಗಳೇ. ಹಲಗೆಯನ್ನು ನೋಡದೆ "ಆಯ್ತು ಸರ್, ಮಾಡಿಕೊಡ್ತೀವಿ" ಎಂದು ಒಪ್ಪಿಕೊಂಡರೆ ಬೇಳೆ ಮಿಲ್ಲಿನವರ ಕೆಲಸ ತಡವಾಗುತ್ತದೆ, ಮತ್ತು ವರ್ಷವಿಡೀ ಕೆಲಸ ಕೊಡುವವರು ಅವರು.

ಇನ್ನೂ ಬೆಳೆಯುವವರಿಗೆ ಅಡ್ಡ ಬರುವ ಗೋಡೆ ಮಾಲೀಕರ ಪರಿಶೀಲನೆಯ ಗಂಟೆಗಳೇ. ಎರಡನೆಯ ಡಿಸೈನರ್ ಬಂದರೆ ಇನ್ನೂ 30 ಗಂಟೆ ಪರಿಶೀಲನೆಗೆ, 10 ಗಂಟೆ ಗ್ರಾಹಕರ ಕಡೆಗೆ ಹೋಗಿ ನಿಮ್ಮ ಸ್ವಂತ ಡಿಸೈನಿಗೆ 30 ಗಂಟೆ ಉಳಿಯುತ್ತದೆ, ಒಟ್ಟು ಸಾಮರ್ಥ್ಯ 290. ಮೂರನೆಯವರು ಬಂದರೆ ನಿಮ್ಮದು ಸೊನ್ನೆ, ಒಟ್ಟು 390. ನಾಲ್ಕನೆಯವರಿಗೆ ಕೊಡಲು ನಿಮ್ಮಲ್ಲಿ ಗಂಟೆಗಳೇ ಇಲ್ಲ. ವಸೂಲಿ ಅಥವಾ ಪ್ರೂಫ್ ಓದುವುದು ಎರಡರಲ್ಲೊಂದನ್ನು ಬಿಡಬೇಕಾಗುತ್ತದೆ. ಆದ್ದರಿಂದ ಇಬ್ಬರು ಡಿಸೈನರ್‌ಗಳಾದ ಮೇಲಿನ ಮುಂದಿನ ನೇಮಕ ಡಿಸೈನರ್ ಆಗುವುದು ಬೇಡ. ಫೋನು, ಬಿಲ್ಲು, ಬಾಕಿ, ಪ್ರೆಸ್ಸಿನ ಓಡಾಟ ನೋಡಿಕೊಳ್ಳುವ ಅರೆಕಾಲಿಕ ಸಂಯೋಜಕರು ನಿಮ್ಮ 80 ಕಚೇರಿ ಗಂಟೆಗಳಲ್ಲಿ 40ನ್ನು ಬಿಡಿಸಿಕೊಟ್ಟರೆ ಮೂರನೆಯ ಡಿಸೈನರ್‌ಗೆ ಜಾಗವಾಗುತ್ತದೆ. ಅದರಾಚೆಗೆ ಬೇಕಾಗುವುದು ನಿಮ್ಮ ಬದಲು ಪರಿಶೀಲಿಸಬಲ್ಲ ಹಿರಿಯ ಡಿಸೈನರ್. ಅವರ ಸಂಬಳ ನಿಮ್ಮ 40,000ದ ಹತ್ತಿರ ಇರುತ್ತದೆ, ಆದ್ದರಿಂದ 750ರ ದರವನ್ನೂ ಮತ್ತೆ ಎರಡನೆಯ ಹಂತದಿಂದ ಲೆಕ್ಕ ಹಾಕಬೇಕು.

ಮಿತಿ ದಾಟಿರುವುದನ್ನು ಗುರುತಿಸಲು ವಹಿಯಲ್ಲಿ ಇನ್ನೊಂದು ಅಂಕಣ ಸೇರಿಸಿ: ಪ್ರತಿ ತಿಂಗಳು ಗ್ರಾಹಕರು ಹಿಡಿದ ತಪ್ಪುಗಳೆಷ್ಟು, ನೀವು ಹಿಡಿದವೆಷ್ಟು. ಗ್ರಾಹಕರು ಹಿಡಿದವು ಎರಡು ತಿಂಗಳು ಸತತವಾಗಿ ಏರಿದರೆ ಹೊಸ ಕೆಲಸ ಒಪ್ಪಿಕೊಳ್ಳುವುದನ್ನು ವಾರಕ್ಕೆ ಐದು ಗಂಟೆಯಷ್ಟು ಇಳಿಸಿ, ಆ ಗಂಟೆಗಳನ್ನು ಪ್ರೂಫ್ ಓದಲು ಕೊಡಿ, ಮುಂದಿನ ತಿಂಗಳು ಅಂಕಣವನ್ನು ಮತ್ತೆ ನೋಡಿ.